ಕ್ಯಾಲೋ ತ್ರಿಕೋನದಲ್ಲಿ ಮೂರನೇ ಕೊಳವೆ ಕಂಡರೆ ಎಂತ ಮಾಡುವುದು?

ಸರ್ಜರಿ_ಪಿಜಿ_2
ನಮಸ್ಕಾರ. ನಾಡಿದ್ದು ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ವಿಡಿಯೋ ಮೀಟಿಂಗ್ ಉಂಟು. ಒಂದು ಲ್ಯಾಪ್ ಗಾಲ್‌ಬ್ಲಾಡರ್ ಕೇಸಿನ ಮೊದಲರ್ಧ ಮಾತ್ರ ನನ್ನ ಕೈಗೆ ಕೊಟ್ಟಿದ್ದಾರೆ. ಮುಂದೆ ಎಂತ ಮಾಡ್ತೀರಿ ಅಂತ ನಾನು ಹೇಳಬೇಕು, ಆಮೇಲೆ ಉಳಿದರ್ಧ ಹಾಕ್ತಾರೆ.

ರೋಗಿ 52ರ ಹೆಂಗಸು. ಮೂರು ವಾರದ ಹಿಂದೆ ಒಮ್ಮೆ ಜೋರು ನೋವು ಬಂದು ಔಷಧಿಗೆ ಇಳಿದಿತ್ತು. ಸ್ಕ್ಯಾನಿನಲ್ಲಿ ಕುತ್ತಿಗೆಯ ಹತ್ತಿರ 14 ಮಿ.ಮೀ. ಕಲ್ಲು, ಗೋಡೆ 4 ಮಿ.ಮೀ. ದಪ್ಪ, ಕಾಮನ್ ಡಕ್ಟ್ 5 ಮಿ.ಮೀ., ಬಿಲಿರುಬಿನ್ ನಾರ್ಮಲ್.

ವಿಡಿಯೋದಲ್ಲಿ ಸಿಸ್ಟಿಕ್ ಡಕ್ಟ್ ಸುತ್ತ ಬಿಡಿಸಿ ಆಗಿದೆ. ಅದರ ಮೇಲ್ಗಡೆ ಲಿಂಫ್ ನೋಡ್, ನೋಡಿನ ಹಿಂದೆ ಒಂದು ತೆಳ್ಳಗಿನ ರಕ್ತನಾಳ ಗಾಲ್‌ಬ್ಲಾಡರಿನ ಮುಂಭಾಗಕ್ಕೆ ಹೋಗುತ್ತದೆ. ಇಲ್ಲಿವರೆಗೆ ಪುಸ್ತಕದ ಹಾಗೇ. ಆದರೆ ಅದರ ಹಿಂದೆ, ಲಿವರಿನ ಕಡೆಗೆ, ಮಿಡಿಯುವ ಇನ್ನೊಂದು ಕೊಳವೆ ಉಂಟು. ಡಕ್ಟಿನಷ್ಟೇ ದಪ್ಪ ಕಾಣ್ತದೆ, ಗಾಲ್‌ಬ್ಲಾಡರಿನ ಕಡೆ ಬಾಗಿ ಬರುತ್ತದೆ. ಅಲ್ಲಿಗೆ ವಿಡಿಯೋ ನಿಲ್ಲುತ್ತದೆ. ಇನ್ನೂ ಯಾವುದಕ್ಕೂ ಕ್ಲಿಪ್ ಹಾಕಿಲ್ಲ. ಇದು ಎರಡನೇ ಸಿಸ್ಟಿಕ್ ಆರ್ಟರಿಯಾ, ಬೇರೆ ಎಂತದಾದರೂವಾ?

ರೈಟ್‌ಲೋಬ್
ಡಬಲ್ ಸಿಸ್ಟಿಕ್ ಆರ್ಟರಿ ಅಪರೂಪ ಅಲ್ಲ ಮಾರಾಯ್ರೆ. ತ್ರಿಕೋನದೊಳಗೆ ಇದ್ದು ಗಾಲ್‌ಬ್ಲಾಡರಿಗೆ ಹೋಗ್ತದೆ ಅಂದ್ರೆ ಅದು ಸಿಸ್ಟಿಕ್ಕೇ. ಎರಡಕ್ಕೂ ಕ್ಲಿಪ್ ಹಾಕಿ ಕಟ್ ಮಾಡಿ, ಮುಗೀತು. ಕ್ರಿಟಿಕಲ್ ವ್ಯೂ ಅಂದ್ರೆ ಡಕ್ಟು ಮತ್ತು ಆರ್ಟರಿ ಬೇರೆಬೇರೆ ಕಾಣಬೇಕು ಅಷ್ಟೆ, ಕಾಣ್ತಾ ಉಂಟಲ್ಲ.

ಹಳೇ_ಸ್ಕೋಪು
"ಹೋಗ್ತದೆ" ಅಂತ ಯಾರು ಹೇಳಿದ್ರು? ಪಿಜಿಯವರು ಬರೆದದ್ದು "ಕಡೆ ಬಾಗಿ ಬರುತ್ತದೆ" ಅಂತ. ಈ ಎರಡು ಮಾತಿನ ನಡುವೆ ಒಂದು ರೈಟ್ ಹೆಪಾಟಿಕ್ ಆರ್ಟರಿ ಕೂತಿರಬಹುದು.

ಪಿಜಿಯವರೇ, ಮೊದಲು ಕ್ಲಿಪ್ ಅಪ್ಲೈಯರ್ ಕೆಳಗಿಡಿ. ಆಮೇಲೆ ಎರಡು ವಿಷಯ ನೋಡಿ.

ಒಂದು, ದಪ್ಪ. ಸಿಸ್ಟಿಕ್ ಆರ್ಟರಿ ಸಣ್ಣದು, ಸಾಮಾನ್ಯವಾಗಿ ಒಂದೆರಡು ಮಿ.ಮೀ. ಮೂರು ದಾಟಿದರೆ ಅದು ರೈಟ್ ಹೆಪಾಟಿಕ್ ಅಂತಲೇ ಮೊದಲು ಸಂಶಯಪಡಬೇಕು. ಪರದೆ ಮೇಲೆ ಎಲ್ಲವೂ ದೊಡ್ಡದಾಗಿ ಕಾಣುತ್ತದೆ, ಹಾಗಾಗಿ ಕಣ್ಣಂದಾಜು ಬೇಡ. ಪಕ್ಕದಲ್ಲಿ 5 ಮಿ.ಮೀ. ಇನ್‌ಸ್ಟ್ರುಮೆಂಟಿನ ದಂಡ ಉಂಟಲ್ಲ, ಅದೇ ಅಳತೆಗೋಲು. ದಂಡವನ್ನು ಕೊಳವೆಗೆ ತಾಗುವಷ್ಟು ಹತ್ತಿರ ತಂದು ಹೋಲಿಸಿ. ದೂರ ಇಟ್ಟರೆ ಮತ್ತೆ ಮೋಸ.

ಎರಡು, ಅದು ಹೋಗಿ ಸೇರುವ ಜಾಗ. ಸಿಸ್ಟಿಕ್ ಆರ್ಟರಿ ಗಾಲ್‌ಬ್ಲಾಡರಿನ ಗೋಡೆಯಲ್ಲಿ ಮುಗಿಯುತ್ತದೆ. ರೈಟ್ ಹೆಪಾಟಿಕ್ ಕೆಲವರಲ್ಲಿ ಕಂಬಳಿಹುಳ ಬೆನ್ನು ಎತ್ತಿದ ಹಾಗೆ ಬಾಗಿ ಗಾಲ್‌ಬ್ಲಾಡರಿನ ಹತ್ತಿರದವರೆಗೆ ಬಂದು, ಮತ್ತೆ ತಿರುಗಿ ಲಿವರಿನೊಳಗೆ ಹೋಗುತ್ತದೆ. ಮೊಯ್ನಿಹಾನ್ ಹಂಪ್ ಅಂತ ಕರೆಯುವುದು ಅದನ್ನೇ. ಹಂಪಿನ ತುದಿ ಮಾತ್ರ ಕಂಡಾಗ ಅದು ಸಿಸ್ಟಿಕ್ ಆರ್ಟರಿಯೇ ಅನಿಸುತ್ತದೆ. ಬಂದದ್ದು ಕಾಣ್ತದೆ, ವಾಪಸ್ ಹೋಗುವುದು ಕೊಬ್ಬಿನ ಹಿಂದೆ ಅಡಗಿರುತ್ತದೆ.

ವಿಡಿಯೋ ನಿಲ್ಲಿಸಿದ್ದು ಸರಿಯಾಗಿ ಆ ಜಾಗದಲ್ಲೇ ಅಂತ ನನ್ನ ಅನುಮಾನ. ನಿಮ್ಮ ಮೇಷ್ಟ್ರು ಬುದ್ಧಿವಂತರು.

ಸರ್ಜರಿ_ಪಿಜಿ_2
ದಂಡದ ಪಕ್ಕ ಒಂದು ಫ್ರೇಮ್ ಸಿಕ್ಕಿತು ಸರ್. ಕೊಳವೆ ದಂಡಕ್ಕಿಂತ ಸ್ವಲ್ಪ ಸಣ್ಣ, 4 ಮಿ.ಮೀ. ಹತ್ತಿರ. ತೆಳ್ಳಗಿನದ್ದು ಅದರ ಅರ್ಧವೂ ಇಲ್ಲ. ಸ್ಕ್ರೀನ್‌ಶಾಟ್ ಇಲ್ಲಿ ಹಾಕಲಾ?

ಓಟಿ_ಸಿಸ್ಟರ್
ಹಾಕಬೇಡಿ. ಮೂಲೆಯಲ್ಲಿ ಹೆಸರು, ಐ.ಪಿ. ನಂಬರ್, ತಾರೀಕು ಎಲ್ಲ ಇರ್ತದೆ. ಬರೆದು ಹೇಳಿ ಸಾಕು.

ಕಾಪು_ಕಡಲು
ನಮಸ್ತೆ ಡಾಕ್ಟ್ರೇ. ನಮ್ಮ ಅತ್ತೆಗೆ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬಂದು ಬೆನ್ನಿಗೆ, ಬಲ ಭುಜಕ್ಕೆ ಹೋಗ್ತದೆ. ನೀವು ಹೇಳುವ ತ್ರಿಕೋನ ಇದೇಯಾ? ಸ್ಕ್ಯಾನಿನಲ್ಲಿ ಕಲ್ಲು ಉಂಟು. ಬಾಳೆದಿಂಡಿನ ರಸ ಕುಡಿದ್ರೆ ಕರಗ್ತದೆ ಅಂತ ಪಕ್ಕದ ಮನೆಯವರು ಹೇಳ್ತಾರೆ.

ಗ್ಯಾಸ್ಟ್ರೋ_ಕುಡ್ಲ
ಇಲ್ಲಿ ಮಾತಾಡ್ತಿರುವ ತ್ರಿಕೋನ ಹೊಟ್ಟೆಯೊಳಗಿನದ್ದು, ಆಪರೇಷನ್ ಮಾಡುವವರಿಗೆ ಮಾತ್ರ ಕಾಣುವಂಥದ್ದು. ನೋವಿನ ಜಾಗ ಅಲ್ಲ. ಬಾಳೆದಿಂಡು ಕಿಡ್ನಿ ಕಲ್ಲಿಗೆ ಅಂತ ಊರಲ್ಲಿ ಕುಡಿಯುವುದು. ಗಾಲ್‌ಬ್ಲಾಡರ್ ಕಲ್ಲು ಬೇರೆಯೇ ಜಾತಿ, ಹೆಚ್ಚಾಗಿ ಕೊಲೆಸ್ಟರಾಲಿನದ್ದು, ಮೂತ್ರದ ದಾರಿಗೂ ಅದಕ್ಕೂ ಸಂಬಂಧ ಇಲ್ಲ. ಕಣ್ಣು ಹಳದಿ, ಚಳಿಜ್ವರ, ಆರು ಗಂಟೆ ಕಳೆದರೂ ಇಳಿಯದ ನೋವು, ಈ ಮೂರರಲ್ಲಿ ಒಂದಿದ್ದರೂ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಲ್ಲದಿದ್ದರೂ ಸ್ಕ್ಯಾನ್ ರಿಪೋರ್ಟ್ ಹಿಡಿದು ಸರ್ಜನ್ನರನ್ನು ಒಮ್ಮೆ ಕಾಣಿ.

ಅನಾಟಮಿ_ಮೇಷ್ಟ್ರು
ರೈಟ್‌ಲೋಬ್ ಅವರ "ತ್ರಿಕೋನದೊಳಗೆ ಇದ್ದರೆ ಸಿಸ್ಟಿಕ್ಕೇ" ಎಂಬ ಮಾತಿಗೆ ಸ್ವಲ್ಪ ಬ್ರೇಕ್ ಹಾಕುತ್ತೇನೆ. ಕ್ಯಾಲೋ 1891ರಲ್ಲಿ ಹೇಳಿದ ತ್ರಿಕೋನದಲ್ಲಿ ಸಿಸ್ಟಿಕ್ ಆರ್ಟರಿ ಒಳಗೆ ಇರಲಿಲ್ಲ, ಅದೇ ಮೇಲಿನ ಗೆರೆಯಾಗಿತ್ತು. ಉಳಿದ ಎರಡು ಗೆರೆ ಸಿಸ್ಟಿಕ್ ಡಕ್ಟ್ ಮತ್ತು ಕಾಮನ್ ಹೆಪಾಟಿಕ್ ಡಕ್ಟ್. ನಂತರ ಸರ್ಜನ್ನರು ಮೇಲಿನ ಗೆರೆಯನ್ನು ಲಿವರಿನ ಕೆಳ ಅಂಚಿಗೆ ಏರಿಸಿದರು. ಅದಕ್ಕೆ ಹೆಪಾಟೋಸಿಸ್ಟಿಕ್ ತ್ರಿಕೋನ ಎಂಬ ಹೆಸರು ಸರಿ, ಆದರೆ ಥಿಯೇಟರಿನಲ್ಲಿ ಎಲ್ಲರೂ ಕ್ಯಾಲೋ ಎಂದೇ ಕರೆಯುತ್ತಾರೆ. ವೈವಾದಲ್ಲಿ ಯಾವುದು ಎಂದು ಕೇಳಿಯೇ ಉತ್ತರ ಹೇಳಿ.

ಗೆರೆ ಮೇಲೆ ಏರಿದ ಕೂಡಲೇ ಒಳಗೆ ಜನ ಜಾಸ್ತಿಯಾದರು. ಸಿಸ್ಟಿಕ್ ಆರ್ಟರಿ, ನೋಡ್, ಕೊಬ್ಬು, ಜತೆಗೆ ರೈಟ್ ಹೆಪಾಟಿಕ್ ಆರ್ಟರಿ. ಈ ಕೊನೆಯದ್ದು ಸಾಮಾನ್ಯವಾಗಿ ಹೆಪಾಟಿಕ್ ಡಕ್ಟಿನ ಹಿಂದಿನಿಂದ ದಾಟಿ ತ್ರಿಕೋನದ ಒಳಗೇ ಹಾದು ಲಿವರ್ ಸೇರುತ್ತದೆ, ಸಿಸ್ಟಿಕ್ ಆರ್ಟರಿ ಹೆಚ್ಚಿನವರಲ್ಲಿ ಅದರ ಕೊಂಬೆ. ಅಂದರೆ ತ್ರಿಕೋನದೊಳಗೆ ತಾಯಿಯೂ ಮಗಳೂ ಇಬ್ಬರೂ ಇರುತ್ತಾರೆ. ಕೆಲವರಲ್ಲಿ ಲಿವರಿನ ಬಲ ಹಿಂಭಾಗದ ಪಿತ್ತನಾಳವೂ ಅಲ್ಲೇ ಹಾದುಹೋಗುತ್ತದೆ. ಅದು ಮಿಡಿಯುವುದಿಲ್ಲ, ಸಿಸ್ಟಿಕ್ ಡಕ್ಟಿನ ಹಾಗೆ ಕಾಣುತ್ತದೆ, ಅದೇ ಹೆಚ್ಚು ಅಪಾಯ.

ಇನ್ನೊಂದು ಮಾತು. ಕ್ಯಾಡವರಿನಲ್ಲಿ ಕಲಿತ ಚಿತ್ರ ಹಿಡಿದುಕೊಂಡು ಪರದೆ ನೋಡಬೇಡಿ. ಡಿಸೆಕ್ಷನ್ ಹಾಲಿನಲ್ಲಿ ಫಂಡಸ್ ಕೆಳಗೆ ನೇತಾಡುತ್ತಿರುತ್ತದೆ. ಲ್ಯಾಪಿನಲ್ಲಿ ಅದನ್ನೇ ಮೇಲೆ ಮಗುಚಿ ಹಿಡಿದಿರುತ್ತಾರೆ, ತ್ರಿಕೋನದ ಹಿಂಬದಿ ಮುಂದೆ ಬರುತ್ತದೆ.

ರೈಟ್‌ಲೋಬ್
ಒಪ್ಪಿದೆ ಮೇಷ್ಟ್ರೇ. ಆದರೆ ಕೊಳವೆಗಳು ಎರಡು ಬೇರೆಬೇರೆ ಕಂಡರೆ ಕ್ರಿಟಿಕಲ್ ವ್ಯೂ ಆಯ್ತಲ್ಲ?

ಹಳೇ_ಸ್ಕೋಪು
ಅಲ್ಲ. ಅದು ಮೂರರಲ್ಲಿ ಒಂದು. ಸ್ಟ್ರಾಸ್‌ಬರ್ಗ್ 1995ರಲ್ಲಿ ಹೆಸರಿಟ್ಟದ್ದು ಮೂರೂ ಸೇರಿದ ನೋಟಕ್ಕೆ. ತ್ರಿಕೋನದ ಕೊಬ್ಬು, ನಾರು ಪೂರ್ತಿ ಖಾಲಿಯಾಗಿರಬೇಕು. ಗಾಲ್‌ಬ್ಲಾಡರಿನ ಕೆಳಗಿನ ಮೂರನೇ ಒಂದು ಭಾಗ ಲಿವರಿನ ಹಾಸಿಗೆಯಿಂದ ಎದ್ದು ಬಂದು ಸಿಸ್ಟಿಕ್ ಪ್ಲೇಟ್ ಕಾಣಬೇಕು. ಆಮೇಲೆ ಗಾಲ್‌ಬ್ಲಾಡರಿಗೆ ಹೋಗುವುದು ಎರಡು, ಎರಡೇ ಅಂತ ಮುಂದಿನಿಂದಲೂ ಹಿಂದಿನಿಂದಲೂ ಕಾಣಬೇಕು.

ಜನ ಬಿಟ್ಟುಬಿಡುವುದು ನಡುವಿನದ್ದನ್ನು. ಹಾಸಿಗೆಯಿಂದ ಎಬ್ಬಿಸುವುದು ಯಾಕೆ ಅಂದರೆ, ಕೆಳಗೆ ಎರಡು ಕಿಟಕಿ ತೆಗೆದರೆ ಯಾವ ಎರಡು ಕೊಳವೆಯ ನಡುವೆಯೂ ಕಿಟಕಿ ಕಾಣುತ್ತದೆ. ಕಾಮನ್ ಡಕ್ಟನ್ನೇ ಸಿಸ್ಟಿಕ್ ಅಂದುಕೊಂಡು, ರೈಟ್ ಹೆಪಾಟಿಕನ್ನು ಸಿಸ್ಟಿಕ್ ಆರ್ಟರಿ ಅಂದುಕೊಂಡರೂ "ಎರಡು ಕೊಳವೆ" ಲೆಕ್ಕ ಸರಿಯಾಗಿಯೇ ಬರ್ತದೆ. ಆದರೆ ಅವು ಗಾಲ್‌ಬ್ಲಾಡರಿನ ಜತೆ ಹಾಸಿಗೆ ಬಿಟ್ಟು ಬರುವುದಿಲ್ಲ, ಲಿವರಿನ ಕಡೆಗೇ ಹೋಗುತ್ತವೆ.

ನಿಮ್ಮ ಕೇಸಿನ ಮುಂದಿನ ಹೆಜ್ಜೆ ಅದೇ. ಮೂರನೇ ಕೊಳವೆಯನ್ನು ಕೆದಕಬೇಡಿ, ಅದರ ಸುತ್ತ ಮೇರಿಲ್ಯಾಂಡ್ ತೂರಿಸಬೇಡಿ. ಅದನ್ನು ಅಲ್ಲಿಗೇ ಬಿಟ್ಟು ಗಾಲ್‌ಬ್ಲಾಡರಿನ ಗೋಡೆಗೆ ಅಂಟಿಕೊಂಡೇ ಕೆಲಸ ಮಾಡುತ್ತಾ, ಕೆಳಭಾಗವನ್ನು ಲಿವರಿನಿಂದ ಎಬ್ಬಿಸಿ. ಎದ್ದ ಮೇಲೆ ಕೊಳವೆ ತಾನೇ ಹೇಳ್ತದೆ. ಗಾಲ್‌ಬ್ಲಾಡರಿನ ಜತೆ ಬಂದರೆ ಅದರದ್ದು. ಲಿವರಿನ ಹತ್ತಿರ ಉಳಿದರೆ ಲಿವರಿನದ್ದು.

ಓಟಿ_ಸಿಸ್ಟರ್
ಒಂದು ಕೇಳ್ತೇನೆ. ಕ್ಯಾಮೆರಾ ಹಿಡಿಯುವವರು, ಗಾಲ್‌ಬ್ಲಾಡರ್ ಎಳೆದು ಹಿಡಿಯುವವರು ಹೆಚ್ಚಾಗಿ ಜೂನಿಯರ್ಸ್. ಎಳೆಯುವುದರಲ್ಲೇ ಚಿತ್ರ ಬದಲಾಗ್ತದೆ ಅಂತ ಸರ್‌ಗಳು ಬೈತಾ ಇರ್ತಾರೆ. ಅದನ್ನು ಸ್ವಲ್ಪ ಬಿಡಿಸಿ ಹೇಳಿ.

ಹಳೇ_ಸ್ಕೋಪು
ಒಳ್ಳೆ ಪ್ರಶ್ನೆ ಸಿಸ್ಟರ್. ಎರಡು ಹಿಡಿತ, ಎರಡು ದಿಕ್ಕು. ಫಂಡಸ್ಸನ್ನು ಹಿಡಿದವರು ರೋಗಿಯ ಬಲ ಭುಜದ ಕಡೆಗೆ ಮೇಲೆ ತಳ್ಳಬೇಕು. ಹಾರ್ಟ್‌ಮನ್ ಪೌಚ್ ಹಿಡಿದ ಕೈ ಕೆಳಗೆ ಮತ್ತು ಬಲಕ್ಕೆ, ಹೊರಗಡೆಗೆ ಎಳೆಯಬೇಕು. ಆಗ ಸಿಸ್ಟಿಕ್ ಡಕ್ಟ್ ಕಾಮನ್ ಡಕ್ಟಿಗೆ ಅಡ್ಡವಾಗಿ ನಿಲ್ಲುತ್ತದೆ, ಮಡಚಿದ ಬೀಸಣಿಗೆ ಬಿಚ್ಚಿದ ಹಾಗೆ ತ್ರಿಕೋನ ತೆರೆಯುತ್ತದೆ.

ಪೌಚನ್ನೂ ಮೇಲಕ್ಕೇ ಎಳೆದರೆ ಸಿಸ್ಟಿಕ್ ಡಕ್ಟ್ ಮತ್ತು ಕಾಮನ್ ಡಕ್ಟ್ ಒಂದೇ ನೇರಕ್ಕೆ ಬರುತ್ತವೆ. ಕೆಳಗಿನ ಕಾಮನ್ ಡಕ್ಟ್ ಸಿಸ್ಟಿಕ್ಕಿನ ಮುಂದುವರಿಕೆ ಅಂತ ಕಾಣುತ್ತದೆ. ಕಾಮನ್ ಡಕ್ಟ್ ಕತ್ತರಿಸಿಹೋಗುವ ಹಳೆಯ ದಾರಿ ಅದೇ. 2003ರಲ್ಲಿ ಲಾರೆನ್ಸ್ ವೇ ಮತ್ತು ಸಂಗಡಿಗರು 252 ಡಕ್ಟ್ ಇಂಜುರಿಗಳನ್ನು ಬಿಡಿಸಿ ನೋಡಿದಾಗ, 97 ಶೇಕಡಾದಲ್ಲಿ ಮೂಲ ಕಾರಣ ಕಣ್ಣಿನ ಭ್ರಮೆ. ಕೈ ತಪ್ಪಿದ್ದು ತೀರ ಕಡಿಮೆ. ಕತ್ತರಿಸುವವರಿಗೆ ಆ ಹೊತ್ತಿನಲ್ಲಿ ಒಂದು ಚೂರೂ ಸಂಶಯ ಇರಲಿಲ್ಲ, ಅದೇ ತೊಂದರೆ.

ಪಿಜಿಯವರ ಕೇಸಿನಲ್ಲಿ ಕುತ್ತಿಗೆಯಲ್ಲೇ 14 ಮಿ.ಮೀ. ಕಲ್ಲು ಉಂಟು. ಪೌಚ್ ಹಿಡಿತಕ್ಕೆ ಸಿಗದೆ ಜಾರುತ್ತಿರಬಹುದು. ಕಲ್ಲನ್ನು ಮೆಲ್ಲ ಫಂಡಸ್ ಕಡೆಗೆ ಒತ್ತಿ ಸರಿಸಿ, ಆಮೇಲೆ ಹಿಡಿಯಿರಿ.

ಎಲ್ಲಿಂದ ಶುರು ಮಾಡುವುದು ಅನ್ನುವುದಕ್ಕೂ ಒಂದು ಗುರುತು ಉಂಟು. ಲಿವರಿನ ಕೆಳಮೈಯಲ್ಲಿ, ಹೈಲಮ್ಮಿನ ಬಲಕ್ಕೆ, ಗದ್ದೆ ಹುಣಿಯ ಪಕ್ಕದ ಸಣ್ಣ ಕಣಿಯ ಹಾಗೆ ಒಂದು ಗೆರೆ ಕಾಣುತ್ತದೆ. ರುವಿಯೇರ್ ಸಲ್ಕಸ್. ಎಲ್ಲರಲ್ಲೂ ಇಲ್ಲ, ಹೆಚ್ಚಿನವರಲ್ಲಿ ಉಂಟು. ಕಾಮನ್ ಡಕ್ಟ್ ಆ ಮಟ್ಟಕ್ಕಿಂತ ಕೆಳಗೆ. ಅಲ್ಲಿಂದ ನಾಲ್ಕನೇ ಸೆಗ್ಮೆಂಟಿನ ಬುಡಕ್ಕೆ ಮನಸ್ಸಿನಲ್ಲೇ ಗೆರೆ ಎಳೆದು, ಹುಕ್ ಯಾವಾಗಲೂ ಗೆರೆಯ ಮೇಲ್ಗಡೆಯೇ ಇರಲಿ. ಕೆಳಗೆ ಇಳಿದಿದ್ದೀರಿ ಅಂತ ಕಂಡರೆ ಕ್ಯಾಮೆರಾ ಹಿಂದಕ್ಕೆ ತಂದು ದೊಡ್ಡ ಚಿತ್ರ ನೋಡಿ.

ಗ್ಯಾಸ್ಟ್ರೋ_ಕುಡ್ಲ
ತಪ್ಪಾಗಿ ರೈಟ್ ಹೆಪಾಟಿಕ್ಕಿಗೆ ಕ್ಲಿಪ್ ಬಿದ್ದರೆ ಲಿವರ್ ಸತ್ತೇಹೋಗ್ತದೆ ಅಂತ ಪಿಜಿಗಳು ಹೆದರುವುದು ನೋಡಿದ್ದೇನೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ಲಿವರಿಗೆ ಬರುವ ರಕ್ತದ ಮುಕ್ಕಾಲು ಪಾಲು ಪೋರ್ಟಲ್ ವೇಯ್ನಿನದ್ದು, ಎಡಗಡೆಯಿಂದಲೂ ಅಡ್ಡದಾರಿ ತೆರೆದುಕೊಳ್ಳುತ್ತದೆ. ಆದರೆ ಪಿತ್ತನಾಳಗಳಿಗೆ ರಕ್ತ ಕೊಡುವುದು ಆರ್ಟರಿ ಮಾತ್ರ. ಆರ್ಟರಿಯ ಜತೆ ಡಕ್ಟಿಗೂ ಪೆಟ್ಟಾಗಿದ್ದರೆ, ಜೋಡಿಸಿದ ಡಕ್ಟ್ ಒಣಗಿ ಕಿರಿದಾಗುತ್ತದೆ. ಆ ಕಷ್ಟ ವರ್ಷಗಟ್ಟಲೆ ನಡೆಯುತ್ತದೆ.

ಓಟಿ_ಸಿಸ್ಟರ್
ನನ್ನ ಕಡೆಯಿಂದ ಕ್ಲಿಪ್ಪಿನ ವಿಷಯ. ಮೀಡಿಯಂ-ಲಾರ್ಜ್ ಕ್ಲಿಪ್ ಡಕ್ಟಿನ ಅಗಲ ಮುಟ್ಟುವುದಿಲ್ಲ ಅಂದಾಗ ಸರ್‌ಗಳು ದೊಡ್ಡ ಕ್ಲಿಪ್ ಕೇಳ್ತಾರೆ. ದೊಡ್ಡದು ಕೊಡುವ ಮೊದಲು ನಾವು "ಸರ್, ಡಕ್ಟ್ ಅಗಲ ಉಂಟು" ಅಂತ ಜೋರಾಗಿ ಹೇಳುವುದು ಒಳ್ಳೆದು. ಸಿಸ್ಟಿಕ್ ಡಕ್ಟ್ ನಿಜವಾಗಿಯೂ ಅಗಲ ಇರಬಹುದು, ಅದು ಸಿಸ್ಟಿಕ್ಕೇ ಅಲ್ಲದೆಯೂ ಇರಬಹುದು. ಕ್ಲಿಪ್ ಒತ್ತುವ ಮೊದಲು ಅದರ ಎರಡೂ ತುದಿ ಕೊಳವೆಯ ಆಚೆ ಕಾಣಬೇಕು. ಒಳಗೆ ಉಳಿಯುವ ಕಡೆಗೆ ಎರಡು, ತೆಗೆಯುವ ಕಡೆಗೆ ಒಂದು.

ರೈಟ್‌ಲೋಬ್
ರಕ್ತ ಚಿಮ್ಮಿದರೆ? ಆಗ ಕಾಯುತ್ತಾ ಕೂರ್ಲಿಕ್ಕೆ ಆಗ್ತದಾ? ಕ್ಲಿಪ್ಪೇ ಹಾಕಬೇಕಲ್ಲ.

ಹಳೇ_ಸ್ಕೋಪು
ಕಾಯಲಿಕ್ಕೆ ಆಗ್ತದೆ, ಕಾಯಲೇಬೇಕು. ಮೊದಲು ಕ್ಯಾಮೆರಾ ಸ್ವಲ್ಪ ಹಿಂದೆ, ಲೆನ್ಸಿಗೆ ರಕ್ತ ಹಾರಿದರೆ ಕಣ್ಣೇ ಹೋಯಿತು. 10 ಮಿ.ಮೀ. ಪೋರ್ಟಿನಿಂದ ಸಣ್ಣ ಗಾಜ್ ಒಳಗೆ ಬಿಟ್ಟು ಒತ್ತಿ ಹಿಡಿಯಿರಿ. ಗಾಜ್ ಬರುವವರೆಗೆ ಹಾರ್ಟ್‌ಮನ್ ಪೌಚನ್ನೇ ಆ ಜಾಗದ ಮೇಲೆ ಒತ್ತಬಹುದು. ಗಡಿಯಾರ ನೋಡಿ ಐದು ನಿಮಿಷ. ಮಧ್ಯೆ ಇಣುಕಿ ನೋಡಬೇಡಿ. ಅನಸ್ತೇಶಿಯಾದವರಿಗೆ ಹೇಳಿ. ಸಕ್ಷನ್ ತಯಾರಿಟ್ಟು ಮೆಲ್ಲ ಎತ್ತಿದರೆ ಹೆಚ್ಚಾಗಿ ಒಂದು ಸಣ್ಣ ಬಾಯಿ ಕಾಣುತ್ತದೆ, ಅದನ್ನು ಮಾತ್ರ ಹಿಡಿಯಿರಿ.

ರಕ್ತದ ಮಡುವಿಗೆ ಕ್ಲಿಪ್ ಇಳಿಸಿದರೆ ಅದು ಹಿಡಿಯುವುದು ಕೈಗೆ ಸಿಕ್ಕಿದ್ದನ್ನು. ಆ ಜಾಗದಲ್ಲಿ ಸಿಗುವುದು ಹೆಪಾಟಿಕ್ ಡಕ್ಟ್. ಒತ್ತಿದರೂ ನಿಲ್ಲದಿದ್ದರೆ ಹೊಟ್ಟೆ ತೆರೆಯಿರಿ, ಅದರಲ್ಲಿ ಮರ್ಯಾದೆ ಪ್ರಶ್ನೆ ಎಂತದೂ ಇಲ್ಲ.

ಮತ್ತೆ, ಮುಂದಿನ ಕೊಂಬೆಯನ್ನು ಮಾತ್ರ ಕ್ಲಿಪ್ ಮಾಡಿ ಸಿಸ್ಟಿಕ್ ಆರ್ಟರಿ ಮುಗಿಯಿತು ಅಂದುಕೊಂಡವರಿಗೆ, ಹಾಸಿಗೆಯಿಂದ ಬಿಡಿಸುವಾಗ ಹಿಂದಿನ ಕೊಂಬೆ ರಕ್ತ ಕೊಡುತ್ತದೆ. ಪಿಜಿಯವರ ತೆಳ್ಳಗಿನ ರಕ್ತನಾಳ ಮುಂಭಾಗಕ್ಕೆ ಮಾತ್ರ ಹೋಗುತ್ತಿದೆ. ಹಾಗಾದರೆ ಹಿಂದಿನದ್ದು ಎಲ್ಲಿಂದ? ಅದನ್ನು ಹುಡುಕಿಕೊಂಡೇ ನೋಡಿ.

ಸರ್ಜರಿ_ಪಿಜಿ_2
ಮೀಟಿಂಗ್ ಮುಗಿಯಿತು. ಕ್ಲಿಪ್ ಹಾಕುವುದಿಲ್ಲ, ಕೆಳಭಾಗ ಎಬ್ಬಿಸಿ ನೋಡ್ತೇನೆ ಅಂತ ಹೇಳಿದೆ. ಉಳಿದರ್ಧ ಹಾಕಿದರು.

ಆಪರೇಟ್ ಮಾಡಿದವರೂ ಹಾಗೇ ಮಾಡಿದ್ದರು. ಕಲ್ಲನ್ನು ಮೇಲೆ ಸರಿಸಿ, ಪೌಚನ್ನು ಎಡಕ್ಕೆ ತಿರುಗಿಸಿ ಹಿಂಬದಿಯ ಪೊರೆ ಬಿಡಿಸಿದರು. ಹುಕ್ಕಿನಲ್ಲಿ ಪ್ರತಿ ಸಲವೂ ಪೊರೆಯನ್ನು ಎತ್ತಿ, ಅದರೊಳಗಿಂದ ಬೆಳಕು ಹಾಯುವುದನ್ನು ನೋಡಿಯೇ ಕಾಟರಿ ಒತ್ತಿದ್ದು. ಇಪ್ಪತ್ತು ನಿಮಿಷ ಅದಕ್ಕೇ ಹೋಗಿದೆ. ಕೆಳಭಾಗ ಎದ್ದಾಗ ದಪ್ಪ ಕೊಳವೆ ಬರಲಿಲ್ಲ. ಬಾಗಿ ಬಂದು ಹಾಗೇ ತಿರುಗಿ ಲಿವರಿನೊಳಗೆ ಹೋಯಿತು. ಹಂಪ್! ಬಾಗಿನ ತುದಿಯಿಂದ ಎರಡು ಕೊಂಬೆ, ಮಲ್ಲಿಗೆ ಕಟ್ಟುವ ನೂಲಿನಷ್ಟು. ಒಂದು ನಾವು ಮೊದಲೇ ನೋಡಿದ ತೆಳ್ಳಗಿನದ್ದು. ಇನ್ನೊಂದು ಗಾಲ್‌ಬ್ಲಾಡರಿನ ಹಿಂಭಾಗಕ್ಕೆ, ಉದ್ದ ಒಂದು ಸೆ.ಮೀ. ಕೂಡ ಇಲ್ಲ.

ಎರಡಕ್ಕೂ ಗೋಡೆಯ ಹತ್ತಿರವೇ ಕ್ಲಿಪ್ ಹಾಕಿದರು. ಹಿಂದಿನದಕ್ಕೆ ಒಳಗಿನ ಕಡೆ ಒಂದೇ ಕ್ಲಿಪ್, ಎರಡಕ್ಕೆ ಜಾಗ ಇರಲಿಲ್ಲ. ಅದು ಸರಿಯಾ?

ಹಳೇ_ಸ್ಕೋಪು
ಆ ಜಾಗದಲ್ಲಿ ಸರಿ. ಎರಡನೇ ಕ್ಲಿಪ್ಪಿಗೆ ಜಾಗ ಮಾಡಲು ಹಂಪಿನ ಹತ್ತಿರ ಇಳಿದರೆ ಕ್ಲಿಪ್ ದೊಡ್ಡ ಆರ್ಟರಿಯ ಅಂಚನ್ನೇ ಕಚ್ಚುತ್ತದೆ. ಎಳೆದು ಉದ್ದ ಮಾಡಲು ಹೋದರೆ ಬುಡದಿಂದ ಕಿತ್ತುಬರುತ್ತದೆ, ಆಗ ತೂತು ಬೀಳುವುದು ರೈಟ್ ಹೆಪಾಟಿಕ್ಕಿಗೆ. ಗಾಲ್‌ಬ್ಲಾಡರಿನ ಕಡೆ ಕ್ಲಿಪ್ಪೇ ಬೇಡ ಅಂತ ಬಿಟ್ಟು ಇರುವ ಉದ್ದವನ್ನೆಲ್ಲ ಒಳಗಿನ ಕಡೆಗೆ ಉಳಿಸಿಕೊಳ್ಳಬಹುದಿತ್ತು. ಆ ಕಡೆಯಿಂದ ಬರುವ ರಕ್ತ ಸ್ವಲ್ಪವೇ.

ಅನಾಟಮಿ_ಮೇಷ್ಟ್ರು
ಹಾಗಾದರೆ ಗಾಲ್‌ಬ್ಲಾಡರಿಗೆ ಹೋದದ್ದು ಮೂರು: ಡಕ್ಟ್ ಒಂದು, ಆರ್ಟರಿ ಎರಡು. "ಎರಡೇ ಎರಡು" ಎಂಬ ನಿಯಮ ಇಲ್ಲಿ ಪಾಲನೆಯಾಯಿತೇ?

ರೈಟ್‌ಲೋಬ್
ನಾನು ಮೊದಲು ಹೇಳಿದ ಡಬಲ್ ಸಿಸ್ಟಿಕ್ ಕೊನೆಗೆ ಸರಿಯೇ ಆಯ್ತಲ್ಲ!

ಹಳೇ_ಸ್ಕೋಪು
ಡಬಲ್ ಹೌದು ಮಾರಾಯ್ರೆ, ಆದರೆ ನೀವು ಕಟ್ ಮಾಡಿ ಅಂದದ್ದು ಆ ಎರಡನೆಯದ್ದನ್ನಲ್ಲ. ಅದರ ತಾಯಿಯನ್ನು.

ಮೇಷ್ಟ್ರೇ, ನನ್ನ ಓದು ಹೀಗೆ: ಮೂರನೆಯದ್ದು ಕಂಡರೆ, ಅದು ಎಲ್ಲಿಂದ ಬಂತು ಎಲ್ಲಿ ಮುಗಿಯಿತು ಎಂದು ಎರಡೂ ತುದಿ ಕಾಣುವವರೆಗೆ ಯಾವುದನ್ನೂ ಕತ್ತರಿಸಬಾರದು. ಕಂಡ ಮೇಲೆ ಮೂರಾದರೂ ಸರಿ.

ಗ್ಯಾಸ್ಟ್ರೋ_ಕುಡ್ಲ
ನಾನು ಅಷ್ಟು ಸಡಿಲ ಬಿಡುವುದಿಲ್ಲ. ಈ ಕೇಸಿನಲ್ಲಿ ಮಿಡಿತ ಕಂಡಿತು, ಹಾಗಾಗಿ ಆರ್ಟರಿ ಅಂತ ಗೊತ್ತಾಯಿತು. ಮಿಡಿಯದ ಮೂರನೆಯದ್ದಾದರೆ ಬಲ ಹಿಂಭಾಗದ ಡಕ್ಟ್ ಆಗಿರಬಹುದು, ಮೇಷ್ಟ್ರು ಮೊದಲೇ ಹೇಳಿದ್ದಾರೆ. ಅದು ಕೆಲವೊಮ್ಮೆ ಸಿಸ್ಟಿಕ್ ಡಕ್ಟಿಗೇ ಬಂದು ಸೇರುತ್ತದೆ. ಅಲ್ಲಿ ಕಣ್ಣು ಸಾಲದು, ಕೊಲಾಂಜಿಯೋಗ್ರಾಮ್ ಮಾಡಲೇಬೇಕು ಅಂತ ನನ್ನ ವಾದ.

ಹಳೇ_ಸ್ಕೋಪು
ಸಿ-ಆರ್ಮ್ ಇರುವ ಥಿಯೇಟರಿನಲ್ಲಿ ಸರಿ. ಇಲ್ಲದ ಕಡೆ? ಅಲ್ಲಿ ನಾನು ಸಬ್‌ಟೋಟಲ್ ಮಾಡಿ ಕುತ್ತಿಗೆಯ ಮೇಲೆ ನಿಲ್ಲಿಸ್ತೇನೆ, ಡ್ರೇನ್ ಇಡ್ತೇನೆ.

ಗ್ಯಾಸ್ಟ್ರೋ_ಕುಡ್ಲ
ಮಾಡಿ. ಆದರೆ ಉಳಿದ ತುಂಡಿನಲ್ಲಿ ಕಲ್ಲು ಉಳಿದಿಲ್ಲ ಅಂತ ಒಳಗೆ ನೋಡಿ ಮುಚ್ಚಿ. ಮೂರು ವರ್ಷ ಬಿಟ್ಟು ಅದೇ ನೋವು ಅಂತ ನಮ್ಮ ಹತ್ತಿರ ಬರುವವರಲ್ಲಿ ಅಂಥವರೂ ಇರುತ್ತಾರೆ.

ಕಾಪು_ಕಡಲು
ಅತ್ತೆಗೆ ನಿನ್ನೆ ರಾತ್ರಿ ಚಳಿಜ್ವರ ಬಂತು ಡಾಕ್ಟ್ರೇ. ನೀವು ಬರೆದದ್ದು ನೆನಪಾಗಿ ಬೆಳಿಗ್ಗೆಯೇ ಉಡುಪಿಗೆ ಕರ್ಕೊಂಡು ಬಂದೆವು. ಅಡ್ಮಿಟ್ ಮಾಡಿದ್ದಾರೆ. ಎಂ.ಆರ್.ಸಿ.ಪಿ. ಅಂತ ಒಂದು ಸ್ಕ್ಯಾನ್ ಬರೆದಿದ್ದಾರೆ, ಮೊದಲೇ ಸ್ಕ್ಯಾನ್ ಆಗಿದೆಯಲ್ಲ, ಅದು ಬೇಕಾ?

ಗ್ಯಾಸ್ಟ್ರೋ_ಕುಡ್ಲ
ಬೇಕು. ಮೊದಲಿನದ್ದು ಗಾಲ್‌ಬ್ಲಾಡರಿನೊಳಗಿನ ಕಲ್ಲು ತೋರಿಸಿತು. ಕಲ್ಲು ಜಾರಿ ಕಾಮನ್ ಡಕ್ಟಿಗೆ ಬಿದ್ದಿದೆಯಾ ಅಂತ ನೋಡಲಿಕ್ಕೆ ಇದು. ಬಿದ್ದಿದ್ದರೆ ಮೊದಲು ಎಂಡೋಸ್ಕೋಪಿಯಲ್ಲಿ ಅದನ್ನು ತೆಗೆಯುತ್ತಾರೆ, ಗಾಲ್‌ಬ್ಲಾಡರ್ ಆಪರೇಷನ್ ಆಮೇಲೆ. ಮೈಯೊಳಗೆ ಪೇಸ್‌ಮೇಕರ್, ಲೋಹದ ಕ್ಲಿಪ್ ಏನಾದರೂ ಇದ್ದರೆ ಸ್ಕ್ಯಾನಿನವರಿಗೆ ಮೊದಲೇ ಹೇಳಿ.

ಸರ್ಜರಿ_ಪಿಜಿ_2
ಒಂದು ಬಿಟ್ಟುಹೋಯಿತು. ಮುಂದಿನಿಂದ, ಹಿಂದಿನಿಂದ ಎರಡು ಫೋಟೋ ಇಡಬೇಕಲ್ಲ ಸರ್, ಈ ಕೇಸಿನ ಫೈಲಿನಲ್ಲಿ ಮುಂದಿನದ್ದು ಮಾತ್ರ ಉಂಟು. ಅದರಲ್ಲಿ ಹಂಪ್ ಕಾಣುವುದೇ ಇಲ್ಲ. ಡಕ್ಟು, ತೆಳ್ಳಗಿನ ಆರ್ಟರಿ, ಎರಡೇ ಎರಡು.